ಹಾಳೆಯಲ್ಲಿ ಇಲ್ಲದ ಪ್ರಶ್ನೆ

ಜಗಳೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಸುಮೇರಾಳ ಚೀಲದಲ್ಲಿ ಎರಡು ವಸ್ತುಗಳಿದ್ದವು. ಒಂದು, ಮ್ಯಾನೇಜರ್ ನಾಗೇಂದ್ರಪ್ಪನವರು ತಾವೇ ಕೂತು ಬರೆದು ಪ್ಲಾಸ್ಟಿಕ್ ಹೊದಿಸಿಕೊಟ್ಟ ಹಾಳೆ. ಇನ್ನೊಂದು, ಊಟದ ಡಬ್ಬಿ. ತಲೆಯ ತುಂಬ ಮಾತ್ರ ಒಂದೇ ಹೆಸರಿತ್ತು. ಪರಶುರಾಮ್.

ಸುಮೇರಾ ಹೊನ್ನಾಳಿಯ ಕಣ್ಮಣಿ ಕಣ್ಣಾಸ್ಪತ್ರೆಯ ರಿಸೆಪ್ಷನ್ನಿನಲ್ಲಿ ಕೂತು ವರ್ಷಗಳೇ ಆಗಿದ್ದವು. ಆಸ್ಪತ್ರೆ ಈಗ ಬೆಳೆಯುತ್ತಿತ್ತು. ಜಗಳೂರಿನಲ್ಲಿ ಒಂದು ಶಾಖೆ ತೆರೆದಾಗಿತ್ತು, ಚನ್ನಗಿರಿಯಲ್ಲಿ ಕಟ್ಟಡಕ್ಕೆ ಬಣ್ಣ ಹೊಡೆಯುತ್ತಿದ್ದರು, ನ್ಯಾಮತಿಯಲ್ಲಿ ಜಾಗ ನೋಡುತ್ತಿದ್ದರು. ಇಂಥ ಹೊತ್ತಿನಲ್ಲಿ ಜಗಳೂರಿನ ರಿಸೆಪ್ಷನಿಸ್ಟ್ ಪರಶುರಾಮ್ ಫೋನಿನಲ್ಲಿ ಆಡಿದ ಮಾತಿನ ರೆಕಾರ್ಡಿಂಗ್ ವಾಟ್ಸಾಪ್ ಗ್ರೂಪುಗಳಲ್ಲಿ ಊರೂರು ಸುತ್ತಿತ್ತು. ಯಾರೋ ಪೊರೆ ಆಪರೇಷನ್‌ಗೆ ಎಷ್ಟಾಗುತ್ತದೆ ಎಂದು ಕೇಳಿದ್ದರು. "ಬರೀ ರೇಟ್ ಕೇಳಾಕೆ ಫೋನ್ ಮಾಡ್ತೀರಿ, ಬರೋದಂತೂ ಇಲ್ಲ. ಮೊದ್ಲು ಕಣ್ಣು ತೋರ್ಸ್ರಿ, ಆಮ್ಯಾಲೆ ರೇಟು" ಎಂದು ಅವನು ಒದರಿದ್ದು ಅದರಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು.

"ನೋಡಮ್ಮ," ಎಂದಿದ್ದರು ನಾಗೇಂದ್ರಪ್ಪ, "ಈ ಹಾಳೆ ಅವನ ಬಾಯಲ್ಲಿ ಕೂರ್ಬೇಕು. ಒಂದಕ್ಷರ ಆಚೀಚೆ ಆಗ್ಬಾರದು. ಕೂತರೆ ಇರಲಿ. ಇಲ್ಲಾಂದ್ರೆ ಸಂಜೆ ನನಗೊಂದು ಮಾತು ಹೇಳು. ನಾಳೆಯಿಂದ ಅವನು ಬರೋದು ಬೇಡ."

ಒಬ್ಬರ ಅನ್ನ ತನ್ನ ನಾಲಗೆಯ ಮೇಲಿದೆ ಎಂದುಕೊಂಡೇ ಅವಳು ಜಗಳೂರು ಶಾಖೆಯ ಮೆಟ್ಟಿಲು ಹತ್ತಿದಳು.

ಪರಶುರಾಮ್ ಅವಳು ಅಂದುಕೊಂಡಂತೆ ಇರಲಿಲ್ಲ. ತೆಳ್ಳನೆ ಹುಡುಗ, ಇಸ್ತ್ರಿ ಮಾಡಿದ ಅಂಗಿ, ರಾತ್ರಿಯೆಲ್ಲ ನಿದ್ದೆ ಕೆಟ್ಟ ಕಣ್ಣು. ಎದ್ದು ನಿಂತು, "ನಂಗೆ ಗೊತ್ತೈತೆ ಅಕ್ಕಾ, ನೀವು ಯಾಕೆ ಬಂದೀರಿ ಅಂತ" ಎಂದ. ದನಿಯಲ್ಲಿ ಸೆಡವಿತ್ತು.

"ಕಲಿಸಾಕೆ ಬಂದೀನಿ. ಕೂತ್ಕೊ," ಎಂದಳು ಸುಮೇರಾ.

ಡಾಕ್ಟರ್ ಅರುಣ್ ಕುಮಾರ್ ಒಳಗೆ ರೋಗಿಗಳನ್ನು ನೋಡುತ್ತಿದ್ದರು. ಅವರು ಜಗಳೂರಿಗೆ ಬರುವ ದಿನವಾದ್ದರಿಂದ ಹೊರಗಿನ ಕುರ್ಚಿಗಳೆಲ್ಲ ತುಂಬಿದ್ದವು. ನರ್ಸ್ ತಸ್ಲೀಮ್ ಒಬ್ಬೊಬ್ಬರ ಕಣ್ಣಿಗೂ ಹನಿ ಹಾಕಿ ಕೂರಿಸುತ್ತಿದ್ದಳು. ಸುಮೇರಾ ಪರಶುರಾಮನ ಪಕ್ಕ ಸ್ಟೂಲ್ ಎಳೆದುಕೊಂಡು, ಹಾಳೆಯನ್ನು ಕೌಂಟರಿನ ಒಳಗಡೆ ಅವನಿಗೆ ಕಾಣುವ ಹಾಗೆ ಒರಗಿಸಿ, "ಒಂದಕ್ಷರ ಆಚೀಚೆ ಆಗ್ಬಾರದು" ಎಂದಳು. ಆಸ್ಪತ್ರೆಯ ಮೊಬೈಲನ್ನು ಸ್ಪೀಕರಿಗೆ ಹಾಕಿಸಿದಳು.

ಮೊದಲ ಒಂದೆರಡು ಕರೆಗಳು ಹೇಗೋ ಸಾಗಿದವು. ಹಾಳೆಯ ಕನ್ನಡ ಅವನ ಬಾಯಲ್ಲಿ ಹೊಸ ಚಪ್ಪಲಿಯ ಹಾಗೆ ಕಚ್ಚುತ್ತಿತ್ತು. ಆದರೂ ಸುಮೇರಾ ಬಿಡಲಿಲ್ಲ. "ನಗುಮುಖದಲ್ಲಿ ಹೇಳು, ಮುಖ ನಕ್ಕರೆ ದನೀನೂ ನಗ್ತದೆ. ಅವರು ಮಾತು ಮುಗಿಸೋ ತನಕ ನಡುವೆ ಬಾಯಿ ಹಾಕ್ಬೇಡ. 'ಏನು' ಅನ್ಬೇಡ, 'ಹೇಳ್ರಿ' ಅನ್ನು." ಅವನು ತಲೆಯಾಡಿಸಿದ. ಬೆವರು ಒರೆಸಿಕೊಂಡ. ಪಕ್ಕದಲ್ಲಿ ಕೂತವಳು ತನ್ನ ತಪ್ಪು ಎಣಿಸುತ್ತಿದ್ದಾಳೆ ಎಂಬುದು ಅವನಿಗೆ ಗೊತ್ತಿತ್ತು. ಸುಮೇರಾ ನಿಜವಾಗಿಯೂ ಎಣಿಸುತ್ತಲೇ ಇದ್ದಳು.

ಮತ್ತೆ ಫೋನ್ ರಿಂಗಾಯಿತು.

"ನಮಸ್ಕಾರ. ಕಣ್ಮಣಿ ಕಣ್ಣಾಸ್ಪತ್ರೆಗೆ ತಮಗೆ ಆತ್ಮೀಯ ಸ್ವಾಗತ. ನಾನು ಪರಶುರಾಮ್ ಮಾತನಾಡುತ್ತಿದ್ದೇನೆ. ತಮಗೆ ಯಾವ ರೀತಿಯ ಸಹಾಯ ಮಾಡಬಹುದು?"

ಆ ಕಡೆ ಹೆಂಗಸೊಬ್ಬಳ ಒಡಕು ದನಿ. "ಕಣ್ಣು ನೋಡಾಕೆ ಎಷ್ಟು ತಗಂತೀರಿ?"

ಅವನ ಬೆರಳು ಹಾಳೆಯ ಮೇಲೆ ಜಾರಿ ಬೆಲೆಯ ಸಾಲಿಗೆ ಬಂದು ನಿಂತಿತು. "ನಮ್ಮಲ್ಲಿ ಸಮಾಲೋಚನಾ ಶುಲ್ಕ ಇನ್ನೂರು ರೂಪಾಯಿಗಳಾಗಿದ್ದು, ಇತರೆ ತಪಾಸಣೆ ಹಾಗೂ ಶಸ್ತ್ರಚಿಕಿತ್ಸೆಗಳ ವಿವರಗಳಿಗಾಗಿ ತಾವು ಖುದ್ದಾಗಿ ಭೇಟಿ ನೀಡಬೇಕಾಗಿ ವಿನಂತಿ. ಆಸ್ಪತ್ರೆಯ ಸಮಯವು..."

"ಏ, ಇದು ಕಂಪನಿ ರೆಕಾರ್ಡು ಕಣ್ಲಾ. ಬರೀ ಹೇಳ್ತಾನೇ ಐತೆ," ಎಂದು ಆ ಹೆಂಗಸು ಬೇರೆ ಯಾರಿಗೋ ಹೇಳಿದ್ದು ಕೇಳಿಸಿತು. ಹಿಂದೆ ಒಂದು ನರಳಾಟ. ಗಂಡಸಿನದು. ಕರೆ ಕಟ್ಟಾಯಿತು.

"ಇರಲಿ, ತಪ್ಪು ಮಾಡಲಿಲ್ಲ ನೀನು," ಎಂದಳು ಸುಮೇರಾ. ಹಾಗೆಂದವಳೇ ತಡೆದಳು. ಕಿವಿಯಲ್ಲಿ ಆ ನರಳಾಟ ಉಳಿದುಬಿಟ್ಟಿತ್ತು. "ಹಿಂದೆ ಯಾರೋ ನರಳಿದಂಗೆ ಆಯ್ತಲ್ಲ?"

"ಹೂಂ ಅಕ್ಕಾ. ಕೇಳಿಸ್ತು."

"ಮತ್ತೆ? ಏನಾಗೈತೆ ಅಂತ ಕೇಳ್ಬಾರದಿತ್ತಾ?"

ಪರಶುರಾಮ್ ಅವಳನ್ನೇ ನೋಡಿದ. "ಕೇಳ್ಬೇಕು ಅಂತ ಹಾಳೇಲಿ ಇರ್ಲಿಲ್ಲ ಅಕ್ಕಾ. ಒಂದಕ್ಷರ ಆಚೀಚೆ ಆಗ್ಬಾರದು ಅಂದಿದ್ರಿ."

ಯಾರೋ ಕೆನ್ನೆಗೆ ತಣ್ಣೀರು ಎರಚಿದ ಹಾಗಾಯಿತು ಸುಮೇರಾಳಿಗೆ. ಹೊನ್ನಾಳಿಯಲ್ಲಿ ತಾನು ಯಾವತ್ತಾದರೂ ಹೀಗೆ ಮಾತಾಡಿದ್ದುಂಟೆ? ಬೆಲೆ ಕೇಳಿದವರಿಗೆ ಬೆಲೆ ಹೇಳಿ, ಹಿಂದೆಯೇ "ಯಾರಿಗೆ ರೀ, ಏನಾಗೈತೆ?" ಎಂದು ಕೇಳದೆ ಫೋನ್ ಇಟ್ಟದ್ದುಂಟೆ? ಬೆಲೆ ಕೇಳುವವರಲ್ಲಿ ಅರ್ಧ ಜನಕ್ಕೆ ಬೆಲೆಯ ಚಿಂತೆಯಲ್ಲ, ಹೆದರಿಕೆ. ಮಾತು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ರೇಟಿನಿಂದ ಶುರು ಮಾಡುತ್ತಾರೆ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನಾಗೇಂದ್ರಪ್ಪನವರ ಹಾಳೆಯನ್ನು ತುಟಿ ಪಿಟಕ್ಕೆನ್ನದೆ ತಂದು ಈ ಹುಡುಗನ ಮುಂದೆ ಇಟ್ಟಿದ್ದಳು.

"ವಾಪಸ್ ಮಾಡು," ಎಂದಳು.

ಅವನು ಮಾಡಿದ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದ. ಈ ಸಲ ಎತ್ತಿದರು. ರೂಢಿಬಿದ್ದ ಬಾಯಿ, "ನಮಸ್ಕಾರ, ಕಣ್ಮಣಿ ಕಣ್ಣಾಸ್ಪತ್ರೆಗೆ ತಮಗೆ..." ಎಂದಿತು. ಅಷ್ಟಕ್ಕೇ ಕರೆ ಕಟ್ಟಾಯಿತು.

"ಹಾಳೆ ತೆಗಿ!" ಸುಮೇರಾ ತಾನೇ ಕೈಚಾಚಿ ಅದನ್ನು ಬೋರಲು ಹಾಕಿದಳು. "ನಿಮ್ಮೂರಲ್ಲಿ ಮಾತಾಡ್ದಂಗೆ ಮಾತಾಡು. ಬೈಬೇಡ, ಅಷ್ಟೇ."

ಮೂರನೇ ಸಲ ಅತ್ತ ಹಲೋ ಎನ್ನುವ ಮೊದಲೇ ಪರಶುರಾಮ್ ಕೂಗಿದ. "ಅವ್ವಾ, ಫೋನ್ ಇಡಬ್ಯಾಡ! ನಾನು ಕಂಪನಿಯವನಲ್ಲ, ಜಗಳೂರು ಕಣ್ಣಾಸ್ಪತ್ರೆ ಹುಡುಗ. ಈಗ ರೇಟ್ ಕೇಳಿದ್ಯಲ್ಲ, ಯಾರಿಗವ್ವಾ, ಏನಾಗೈತೆ?"

ಕಟ್ಟೆಯೊಡೆದ ನೀರಿನಂತೆ ಆ ದನಿ ನುಗ್ಗಿತು. "ಅಯ್ಯೋ ನಮ್ಮಪ್ಪಾ, ನಮ್ಮೆಜಮಾನ್ರಿಗೆ. ಗ್ವಾಡೆಗೆ ಬಳಿಯಾಕೆ ಸುಣ್ಣ ಕಲಸ್ತಿದ್ರು, ಬುಸ್ ಅಂತ ಸಿಡಿದು ಕಣ್ಣಿಗೆ ಬಿದ್ದೈತೆ. ಕಣ್ಣು ಬಿಡಾಕೆ ಆಗ್ತಿಲ್ಲ. ಇವತ್ತೇ ಬರ್ಬೇಕಾ, ಸಂತೆ ದಿನ ಬಂದ್ರೆ ನಡೀತೈತಾ?"

ಸುಮೇರಾ ಸ್ಟೂಲ್ ಬಿಟ್ಟು ಎದ್ದಿದ್ದಳು. ಡಾಕ್ಟರರನ್ನು ಕೇಳದೆ ಕೌಂಟರಿನಿಂದ ಮದ್ದು ಹೇಳಬಾರದು, ಅದು ಅವಳು ಎಂದೂ ಮುರಿಯದ ಕಟ್ಟಳೆ. "ಕರೆ ಹಿಡಿದಿರು, ಮಾತು ಬಿಡಬೇಡ," ಎಂದು ಅವನಿಗೆ ಸನ್ನೆ ಮಾಡಿ ಒಳಗೆ ಓಡಿದಳು. "ಸರ್, ಫೋನಲ್ಲಿ ಒಬ್ರು, ಕಣ್ಣಿಗೆ ಸುಣ್ಣ."

ಡಾಕ್ಟರ್ ಕೈಯಲ್ಲಿದ್ದ ಟಾರ್ಚ್ ಕೆಳಗಿಟ್ಟರು. "ನೀರು! ಈ ಕ್ಷಣದಿಂದ. ರೆಪ್ಪೆ ಅಗಲಿಸಿ ಹಿಡಿದು ಶುದ್ಧ ನೀರು ಸುರೀತಾನೇ ಇರ್ಲಿ, ಅರ್ಧ ಗಂಟೆಯಾದ್ರೂ. ಒಂದು ತೊಟ್ಟು ಸಾಲದು, ಧಾರಾಳ ಸುರಿದ್ರೇ ಸುಣ್ಣ ಕೊಚ್ಚಿ ಹೋಗೋದು. ಉಜ್ಜಬಾರದು, ಬೇರೇನೂ ಹಾಕಬಾರದು. ಆಮೇಲೆ ನೇರ ಇಲ್ಲಿಗೆ. ದಾರಿಯಲ್ಲೂ ನೀರು ಬಿಡ್ತಾ ಬರ್ಲಿ."

ಅವಳು ಹೊರಬಂದಾಗ ಪರಶುರಾಮನ ಮುಖ ಬಿಳಿಚಿತ್ತು. ಫೋನಿಗೆ ಕೈ ಅಡ್ಡ ಹಿಡಿದು, "ಹರಳೆಣ್ಣೆ ಬಿಡ್ತಾವ್ರಂತೆ ಅಕ್ಕಾ," ಎಂದ. ಸುಮೇರಾ ಡಾಕ್ಟರ್ ಹೇಳಿದ್ದನ್ನು ಒಂದೇ ಉಸಿರಿಗೆ ಹೇಳಿದಳು. ಅವನು ಫೋನಿಗೆ ಬಾಯಿಟ್ಟ.

"ಅವ್ವಾ, ಡಾಕ್ಟ್ರು ಹೇಳ್ಯಾರೆ, ಎಣ್ಣೆ ನಿಲ್ಸು. ಕುಡಿಯೋ ನೀರು ತಗಂಡು ಕಣ್ಣಿಗೆ ಸುರಿ."

"ನೀರಾ? ಬ್ಯಾಡಪ್ಪಾ! ನೀರು ಬಿದ್ರೆ ಸುಣ್ಣ ಬೇಯ್ತೈತೆ, ಕಣ್ಣೇ ಬೆಂದು ಹೋಗ್ತೈತೆ ಅಂತಾರೆ ಇಲ್ಲೆಲ್ಲ."

ಹೊರಗಿನ ಕುರ್ಚಿಗಳಲ್ಲಿದ್ದವರೆಲ್ಲ ಸ್ಪೀಕರಿನ ಕಡೆಗೇ ಕಿವಿಗೊಟ್ಟಿದ್ದರು. ಪರಶುರಾಮ್ ಒಮ್ಮೆ ಸುಮೇರಾಳ ಕಡೆ ನೋಡಿದ. ಹಿಂದಿನ ಪರಶುರಾಮನಾಗಿದ್ದರೆ ಇಷ್ಟು ಹೊತ್ತಿಗೆ 'ಹೇಳಿದ್ದು ತಿಳಿಯಲ್ವಾ' ಎಂದು ಒದರುತ್ತಿದ್ದನೇನೋ. ಈಗ ಫೋನನ್ನು ಬಾಯಿಯ ಹತ್ತಿರ ತಂದ. ದನಿ ಇಳಿಸಿದ.

"ನೀನು ಹೆದರೋದು ಸರಿನೇ ಐತವ್ವಾ. ಒಂದು ತೊಟ್ಟು ಹಾಕಿ ಬಿಟ್ರೆ ಬೇಯ್ತೈತೆ. ಕೊಡದಗಟ್ಲೆ ಸುರಿದ್ರೆ ಸುಣ್ಣ ಕೊಚ್ಚಿಕೊಂಡು ಹೋಗ್ತೈತೆ. ಡಾಕ್ಟ್ರು ಇಲ್ಲೇ ಒಳಗೆ ಅವ್ರೆ. ನಾನು ಫೋನ್ ಇಡಲ್ಲ. ನೀನು ಸುರಿ, ನಾನು ಕೇಳ್ತಿರ್ತೀನಿ."

ಫೋನನ್ನು ಎಲ್ಲೋ ಕಲ್ಲಿನ ಮೇಲೆ ಇಟ್ಟ ಸದ್ದು. ಬಿಂದಿಗೆ ಎತ್ತಿದ ಸದ್ದು. ಆಮೇಲೆ ನೀರು ಬಿದ್ದ ಸದ್ದು, ಅದರ ಜೊತೆಗೆ ಗಂಡಸಿನ ಚೀರಾಟ. ಕೂತಿದ್ದ ಮುದುಕಿಯೊಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. ಪರಶುರಾಮ್ ನಡುನಡುವೆ, "ಸುರೀತಿದೀಯಾ ಅವ್ವಾ? ರೆಪ್ಪೆ ಬಿಡಿಸಿ ಹಿಡ್ಕಂಡು ಸುರಿ, ನಿಲ್ಲಿಸಬ್ಯಾಡ" ಎನ್ನುತ್ತಲೇ ಇದ್ದ. ಊರು ಯಾವುದು, ಆಟೋ ಐತಾ, ಹೆಸರೇನು ಎಂದು ಒಂದೊಂದಾಗಿ ಕೇಳಿ ಬರೆದುಕೊಂಡ. ಹೆಂಗಸು ಕರಿಬಸಮ್ಮ, ಗಂಡ ತಿಪ್ಪೇರುದ್ರ. ಇನ್ನೊಂದು ಫೋನಿನಿಂದ ಸುಮೇರಾ ಅವರ ಊರಿನ ದಿಕ್ಕಿನ ಆಟೋದವನನ್ನು ಹುಡುಕಿ ಕಳಿಸಿದಳು.

ಕೊನೆಯಲ್ಲಿ ಕರಿಬಸಮ್ಮ ಮತ್ತೆ ಕೇಳಿದಳು. "ಎಷ್ಟಾಗ್ತೈತಪ್ಪಾ? ಕೈಯಾಗೆ ಅಷ್ಟಿಲ್ಲ."

ಪರಶುರಾಮ್ ಸುಮೇರಾಳ ಮುಖ ನೋಡಿದ. ಅವಳು ಮೆಲ್ಲಗೆ ಹೇಳಿಕೊಟ್ಟಳು. ಅವನು ಅದನ್ನು ತನ್ನ ಮಾತಿನಲ್ಲಿ ಹೇಳಿದ. "ನೋಡೋ ಫೀಸು ಇನ್ನೂರು. ಕಣ್ಣು ತೊಳೆಯೋದು, ಔಷಧಿ ಬೇರೆ ಆಗ್ತೈತೆ, ಎಷ್ಟು ಅಂತ ನೋಡಿದ ಮ್ಯಾಲೆ ಡಾಕ್ಟ್ರು ಹೇಳ್ತಾರೆ. ಸುಳ್ಳು ಹೇಳಲ್ಲ ನಿಂಗೆ. ಆದ್ರೆ ಮೊದ್ಲು ಚಿಕಿತ್ಸೆ, ಆಮ್ಯಾಲೆ ದುಡ್ಡಿನ ಮಾತು. ದುಡ್ಡಿಲ್ಲ ಅಂತ ಹಿಂದೆ ಉಳಿಬ್ಯಾಡ."

ಅವರು ಬಂದಾಗ ತಿಪ್ಪೇರುದ್ರನ ಅಂಗಿಯೆಲ್ಲ ತೊಯ್ದು ಮೈಗೆ ಅಂಟಿತ್ತು. ಕರಿಬಸಮ್ಮನ ಕೈಯಲ್ಲಿ ಇನ್ನೂ ಅರ್ಧ ಬಾಟಲಿ ನೀರು. ತಸ್ಲೀಮ್ ಬಾಗಿಲಲ್ಲೇ ಕಾಯುತ್ತಿದ್ದವಳು ಅವನ ತೋಳು ಹಿಡಿದು ನೇರ ಒಳಗೆ ಕರೆದುಕೊಂಡು ಹೋದಳು.

ಆಗ ಎದ್ದವರು ಬಸವರಾಜಪ್ಪ.

ಬಿಳಿ ಪಂಚೆ, ಬಿಳಿ ಅಂಗಿ, ಊರಿನಲ್ಲಿ ನಾಲ್ಕು ಜನ ಮಾತು ಕೇಳುವ ಮನುಷ್ಯ. ಮುಂದಿನ ಸರದಿ ಅವರದು. "ಏನ್ರೀ ಇದು? ನಾನು ಮೊದ್ಲೇ ಫೋನ್ ಮಾಡಿ ಟೈಮ್ ತಗಂಡೀನಿ. ಬೆಳಗಿಂದ ಕಣ್ಣಿಗೆ ಹನಿ ಹಾಕ್ಕಂಡು ಕೂತೀನಿ. ಈಗ ಬಂದವ್ರು ಒಳಗೆ ಹೋದ್ರು!" ಎನ್ನುತ್ತ ಮೊಬೈಲ್ ತೆಗೆದು ಕೌಂಟರಿನ ಕಡೆ ಹಿಡಿದರು.

ಪರಶುರಾಮ್ ಸುಮೇರಾಳ ಕಿವಿಯ ಹತ್ತಿರ ಬಂದ. "ಅವರೇ ಅಕ್ಕಾ. ದನಿ ಗುರುತು ಸಿಗ್ತು. ನನ್ ಮಾತು ರೆಕಾರ್ಡ್ ಮಾಡಿ ಹಾಕಿದ್ದು ಅವರೇ."

ಸುಮೇರಾಳಿಗೆ ತಾನೇ ಮುಂದೆ ಹೋಗಿ ಕೈಮುಗಿದುಬಿಡೋಣ ಎನಿಸಿತು. ಹೋದರೆ ಈ ಹುಡುಗ ಯಾವತ್ತಿಗೂ ಈ ಕೌಂಟರಿನಲ್ಲಿ ತಲೆಯೆತ್ತಿ ಕೂರಲಾರ. ಹೋಗದಿದ್ದರೆ, ಇನ್ನೊಂದು ಒದರಾಟ ಇವತ್ತು ಸಂಜೆಯೊಳಗೆ ತಾಲ್ಲೂಕೆಲ್ಲ ಸುತ್ತುತ್ತದೆ. ಆಮೇಲೆ ಇವನನ್ನು ದೇವರೂ ಉಳಿಸಲಾರ. ಅವಳು ನಿಂತಲ್ಲೇ ನಿಂತಳು. "ಕೌಂಟರ್ ಬಿಟ್ಟು ಹತ್ರ ಹೋಗು," ಎಂದಳು. "ಮೊದ್ಲು ಅವರದ್ದು ಏನು ಸರಿ ಐತೋ ಅದನ್ನ ಒಪ್ಕೊ."

ಅವನು ಕೌಂಟರ್ ಸುತ್ತಿ ಬಂದು ಬಸವರಾಜಪ್ಪನವರ ಎದುರು ನಿಂತ. ಕ್ಯಾಮೆರಾ ಅವನ ಮುಖದ ಮೇಲೇ ಇತ್ತು.

"ನೀವು ಹೇಳೋದು ಖರೇ ಐತೆ ಸರ್. ಸರದಿ ನಿಮ್ದೇ. ಅವ್ರನ್ನ ಮುಂದೆ ಬಿಟ್ಟಿದ್ದು ನಾವು, ನಿಮ್ಮನ್ನ ಒಂದು ಮಾತು ಕೇಳಿ ಬಿಡ್ಬೇಕಿತ್ತು. ಕೇಳ್ಲಿಲ್ಲ, ತಪ್ಪಾತು. ಅವ್ರದ್ದು ತಡೀಲಾರದ ಎಮರ್ಜೆನ್ಸಿ. ಡಾಕ್ಟ್ರಿಗೆ ಅರ್ಧ ಗಂಟೆ, ಇನ್ನೂ ಹೆಚ್ಚೂ ಹಿಡೀಬೋದು. ಅಲ್ಲೀ ತನಕ ಕಾಯ್ತೀರಾ, ಇಲ್ಲಾ ಡಾಕ್ಟ್ರು ಮತ್ತೆ ಬರೋ ದಿನ ಮೊದಲ ಟೈಮ್ ನಿಮ್ಮ ಹೆಸ್ರಿಗೆ ಬರೀಲಾ? ನೀವು ಹೆಂಗೆ ಅಂತೀರೋ ಹಂಗೆ."

"ಎಮರ್ಜೆನ್ಸಿ ಅಂದ್ರೆ ಏನು? ಏನಾಗೈತೆ ಅವ್ನಿಗೆ?"

"ಅವ್ರ ವಿಷ್ಯ ನಾನು ಹೇಳ್ಬಾರದು ಸರ್. ನಾಳೆ ನಿಮ್ಮ ವಿಷ್ಯನೂ ಇನ್ನೊಬ್ರಿಗೆ ಹೇಳಲ್ಲ."

ಕೂತವರಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ಎಲ್ಲರೂ ಆ ಫೋನು ಕೇಳಿದ್ದವರೇ, ಬಸವರಾಜಪ್ಪನವರೂ ಕೇಳಿದ್ದರು. ಅವರ ಕೈ ಸ್ವಲ್ಪ ತಗ್ಗಿತು. ಆದರೂ ಅಷ್ಟು ಸುಲಭಕ್ಕೆ ಬಿಡುವ ಪೈಕಿಯಲ್ಲ. "ಆತು. ಕಾಯ್ತೀನಿ. ಆದ್ರೆ ಅವತ್ತು ಕೇಳಿದ್ದನ್ನ ಇವತ್ತು ಕೇಳ್ತೀನಿ. ಪೊರೆ ಆಪರೇಷನ್‌ಗೆ ಎಷ್ಟು? ಹೇಳು ಈಗ."

ಪರಶುರಾಮನ ಕಿವಿ ಕೆಂಪಾಯಿತು.

"ಅವತ್ತು ನಾನು ಹಂಗೆ ಮಾತಾಡ್ಬಾರದಿತ್ತು ಸರ್," ಎಂದ ಅವನು. ಆಮೇಲೆ ಗೋಡೆಯ ಮೇಲಿನ ದರಪಟ್ಟಿಯ ಹತ್ತಿರ ಹೋಗಿ ಬೆರಳಿಟ್ಟು ತೋರಿಸಿದ. "ಪೊರೆ ತೆಗೆದು ಒಳಗೆ ಒಂದು ಲೆನ್ಸ್ ಹಾಕ್ತಾರೆ. ರೇಟು ಹೆಚ್ಚುಕಮ್ಮಿ ಆಗೋದು ಆ ಲೆನ್ಸಿನ ಮ್ಯಾಲೆ. ಕಮ್ಮಿದು ಇಲ್ಲಿಂದ ಶುರು, ಮ್ಯಾಲಿಂದು ಇಲ್ಲೀ ತನಕ. ಯಾವುದು ನಿಮಗೆ ಹೊಂದ್ತೈತೆ ಅಂತ ಡಾಕ್ಟ್ರು ನೋಡಿ ಹೇಳ್ತಾರೆ, ನಾನಲ್ಲ. ಹೇಳಿದ ಮ್ಯಾಲೆ ಒಟ್ಟು ಎಷ್ಟು, ಅದ್ರಾಗೆ ಔಷಧಿ ಬರ್ತೈತೋ ಇಲ್ಲೋ, ಎಲ್ಲ ಬರೆದು ಕೊಡ್ತೀವಿ. ಮನೇಲಿ ಕೇಳ್ಕಂಡು ಬರ್ರಿ. ಇಲ್ಲೇ ಮಾಡಿಸ್ಬೇಕು ಅಂತೇನೂ ಇಲ್ಲ."

ಬಸವರಾಜಪ್ಪ ದರಪಟ್ಟಿಯನ್ನು ಕಣ್ಣು ಕಿರಿದು ಮಾಡಿ ನೋಡಿದರು. ಹನಿ ಹಾಕಿದ ಕಣ್ಣಿಗೆ ಅಕ್ಷರ ಕಾಣುತ್ತಿರಲಿಲ್ಲ. "ಓದಿ ಹೇಳು," ಎಂದರು ಕೊನೆಗೆ. ಅವನು ಓದಿದ. ಅವರು ಮೊಬೈಲ್ ಜೇಬಿಗಿಳಿಸಿ ಹೋಗಿ ಕೂತರು.

ಒಳಗೆ ಡಾಕ್ಟರ್ ರೆಪ್ಪೆ ತಿರುವಿ, ಸಂದಿಯಲ್ಲಿ ಉಳಿದ ಸುಣ್ಣದ ಚೂರುಗಳನ್ನು ತೆಗೆದು, ಸಲೈನ್ ಬಾಟಲಿಗಳ ಮೇಲೆ ಬಾಟಲಿ ಖಾಲಿ ಮಾಡಿ ತೊಳೆದರು. ಬಹಳ ಹೊತ್ತಾದ ಮೇಲೆ ಹೊರಬಂದು ಕರಿಬಸಮ್ಮನಿಗೆ ಹೇಳಿದರು. "ಮನೇಲಿ ನೀರು ಸುರಿದಿದ್ದೇ ದೊಡ್ಡದಾಯ್ತಮ್ಮ. ಸಂತೆ ದಿನದ ತನಕ ಕೂತಿದ್ರೆ ಕರಿಗುಡ್ಡೆ ಬೆಳ್ಳಗಾಗಿರೋದು. ಪೂರ್ತಿ ಮೊದಲಿನಂಗೆ ಆಗುತ್ತೆ ಅಂತ ಈಗ್ಲೇ ಮಾತು ಕೊಡಲ್ಲ. ಕಣ್ಣು ಉಳೀತದೆ ಅನ್ನೋ ನಂಬಿಕೆ ಐತೆ."

ಸಂಜೆ ನಾಗೇಂದ್ರಪ್ಪನವರ ಫೋನ್ ಬಂತು. ಸುಮೇರಾ ಹೊರಗಿನ ಮೆಟ್ಟಿಲಿಗೆ ಹೋದಳು.

"ಏನಮ್ಮ, ಹಾಳೆ ಕೂತ್ಕೊಂತಾ?"

"ಇಲ್ಲ ಸಾರ್. ಹಾಳೆ ನಾನೇ ತೆಗೆಸಿದೆ."

ಅವರು ಗುಡುಗಿದರು. "ನಿನ್ನನ್ನ ಕಳಿಸಿದ್ದು ಯಾತಕ್ಕೆ?"

ಇಷ್ಟು ವರ್ಷ ಸುಮೇರಾ ಈ ಮನುಷ್ಯನಿಗೆ ಎದುರಾಡಿದವಳಲ್ಲ. "ಸಾರ್, ಆ ಹಾಳೆ ಕೇಳಿ ಒಬ್ಬ ಹೆಣ್ಮಗಳು ರೆಕಾರ್ಡ್ ಹಾಕಿದ ಕಂಪನಿ ಫೋನ್ ಅನ್ಕೊಂಡು ಕಟ್ ಮಾಡಿದ್ಲು. ಅವಳ ಗಂಡನ ಕಣ್ಣಿಗೆ ಸುಣ್ಣ ಬಿದ್ದಿತ್ತು. ನಾನು ಪಕ್ಕದಲ್ಲೇ ಕೂತು, ಹುಡುಗ ಸರಿಯಾಗಿ ಓದಿದ ಅಂತ ಖುಷಿಪಟ್ಟೆ. ಆಸ್ಪತ್ರೆ ಮೊಬೈಲಲ್ಲಿ ಕರೆಯೆಲ್ಲ ರೆಕಾರ್ಡ್ ಆಗಿದಾವೆ. ಅವಳ ಜೊತೆ ಆಡಿದ ಮೂರೂ ಕರೆ ಕಳಿಸ್ತೀನಿ. ಕೇಳಿದ ಮೇಲೆ ಅವನನ್ನ ತೆಗೀಬೇಕು ಅನ್ನಿಸಿದ್ರೆ, ತಪ್ಪು ಕಲಿಸಿದವಳು ನಾನು. ನನ್ನನ್ನೂ ಸೇರಿಸಿ ತೆಗೀರಿ."

ಅವರು ಫೋನ್ ಇಟ್ಟರು. ಹೊನ್ನಾಳಿ ತನಕ ಬಸ್ಸಿನಲ್ಲಿ ಅವಳು ಮೊಬೈಲನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದಳು. ಉತ್ತರ ಬರಲಿಲ್ಲ. ಮಾರನೆಯ ಬೆಳಿಗ್ಗೆ ಅವಳು ಕೌಂಟರಿನಲ್ಲಿ ಕೂತಾಗ ನಾಗೇಂದ್ರಪ್ಪ ತಾವೇ ಬಂದು ನಿಂತರು. ಅವಳ ಮುಖ ನೋಡದೆ, ಗೋಡೆ ನೋಡುತ್ತ ಹೇಳಿದರು. "ಆ ಹುಡುಗ ಇರ್ಲಿ. ಆದ್ರೆ ಇನ್ನೊಂದು ಕಂಪ್ಲೇಂಟ್ ಬಂದ್ರೆ ನಾನು ಕೇಳಲ್ಲ." ಎರಡು ಹೆಜ್ಜೆ ಹೋಗಿ ನಿಂತರು. "ಚನ್ನಗಿರಿಗೆ ಇಬ್ಬರು ಹೊಸ ಹೆಣ್ಮಕ್ಕಳು ಬಂದಾರೆ. ನೀನೇ ಕಲಿಸು. ನಿನಗೆ ತಿಳಿದಂಗೆ."

ತಿಪ್ಪೇರುದ್ರನ ಕಣ್ಣು ಉಳಿಯಿತು. ಆ ಕಣ್ಣಿಗೆ ಮಂಜು ಮುಸುಕಿದ ಹಾಗೆ ಕಾಣುತ್ತದೆ ಎಂದು ಅವನು ಹೇಳುತ್ತಾನೆ, ಅದು ತಿಳಿಯಾಗಲೂಬಹುದು, ಆಗದೆಯೂ ಇರಬಹುದು ಎಂದಿದ್ದಾರೆ ಡಾಕ್ಟರು. ಬಸವರಾಜಪ್ಪ ಆಪರೇಷನ್ನನ್ನು ಬೇರೆ ಊರಲ್ಲಿ ಮಾಡಿಸಿಕೊಂಡರು. ಆದರೆ ತಮ್ಮ ಅತ್ತಿಗೆಯನ್ನು ಜಗಳೂರಿಗೇ ಕಳಿಸಿದರು.

ಚನ್ನಗಿರಿಯಲ್ಲಿ ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ರಕ್ಷಾ ಎಂಬ ಹುಡುಗಿಯೂ ಅವಳ ಜೊತೆಯವಳೂ ನೋಟ್ ಪುಸ್ತಕ ಬಿಚ್ಚಿ, ಪೆನ್ನು ಹಿಡಿದು, ಏನು ಬರೆದುಕೊಳ್ಳಬೇಕೋ ಎಂದು ಕಾಯುತ್ತ ಕೂತಿದ್ದರು. ಸುಮೇರಾ ತನ್ನ ಮೊಬೈಲನ್ನು ಅವರ ಮುಂದೆ ಇಟ್ಟಳು.

"ಪೆನ್ನು ಆಮೇಲೆ. ಇವತ್ತು ನೀವು ಫೋನ್ ಎತ್ತೋದು ಬೇಡ, ಮಾಡ್ರಿ," ಎಂದಳು. "ನಾನು ಹಿಂದಿನ ರೂಮಲ್ಲಿ ಆಸ್ಪತ್ರೆ ಫೋನ್ ಇಟ್ಕೊಂಡು ಕೂತು ಆಸ್ಪತ್ರೆಯವಳಂಗೆ ಮಾತಾಡ್ತೀನಿ. ನಿಮ್ಮ ಅಮ್ಮನ ಕಣ್ಣು ನೋಯ್ತೈತೆ, ಕೈಯಲ್ಲಿ ದುಡ್ಡು ಕಮ್ಮಿ, ಯಾರನ್ನ ಕೇಳ್ಬೇಕೋ ಗೊತ್ತಿಲ್ಲ ಅಂದ್ಕೊಳ್ರಿ. ನಾನು ಒಂದು ಸಲ ಕೆಟ್ಟದಾಗಿ ಮಾತಾಡ್ತೀನಿ, ಒಂದು ಸಲ ಸರಿಯಾಗಿ. ಎಲ್ಲಿ ನಿಮಗೆ ಫೋನ್ ಇಟ್ಟುಬಿಡಾಣ ಅನ್ನಿಸ್ತದೋ, ಅದನ್ನ ಬಂದು ನಂಗೆ ಹೇಳ್ರಿ."

ಹುಡುಗಿಯರು ಮುಖ ಮುಖ ನೋಡಿಕೊಂಡರು. ರಕ್ಷಾ ಹಿಂಜರಿಯುತ್ತಲೇ ಮೊಬೈಲ್ ಎತ್ತಿಕೊಂಡಳು.